ಭಾವನ ಫೋನಿನಿಂದ ನನ್ನ ಫೋನಿಗೆ ಒಂದೂವರೆ ಜಿಬಿ: ವೈ-ಫೈ ಡೈರೆಕ್ಟ್ ಒಳಗೆ ಏನು ನಡೆಯುತ್ತದೆ

ಮೊನ್ನೆ ಸಿದ್ದಾಪುರದ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಮೊದಲ ಸಲ ಗೆಜ್ಜೆ ಕಟ್ಟಿದ್ದಳು, ಯಕ್ಷಗಾನದಲ್ಲಿ ಬಾಲಗೋಪಾಲನ ವೇಷ. ಭಾವ ಮುಂದಿನ ಸಾಲಿನಲ್ಲಿ ಕೂತು ಹನ್ನೆರಡು ನಿಮಿಷ ಕೈ ಅಲುಗಿಸದೆ ವಿಡಿಯೊ ಮಾಡಿದ್ದರು. ಫೈಲ್ ಒಂದೂವರೆ ಜಿಬಿ ಇತ್ತು. ಮೆಸೇಜ್ ಆಪ್‌ನಲ್ಲಿ ಕಳಿಸಿದರೆ ಅದು ವಿಡಿಯೊವನ್ನು ಕುಗ್ಗಿಸಿಬಿಡುತ್ತದೆ, ಮಗುವಿನ ಮುಖದ ಬಣ್ಣಗಾರಿಕೆ ಎಲ್ಲ ಕಲಸಿಹೋಗುತ್ತದೆ. ಅಲ್ಲಿ ಮೊಬೈಲ್ ಸಿಗ್ನಲ್ ಕೂಡ ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ಭಾವ, "ಬ್ಲೂಟೂತ್ ಆನ್ ಮಾಡು, ಕಳಿಸ್ತೇನೆ" ಅಂದರು.

ಹತ್ತು ನಿಮಿಷ ಆಯಿತು. ನೂರಕ್ಕೆ ಏಳರಷ್ಟು ಬಂದಿತ್ತು. ಅದನ್ನು ನಿಲ್ಲಿಸಿ, ಹತ್ತಿರದ ಫೋನಿಗೆ ಫೈಲ್ ಕಳಿಸಲು ಆಂಡ್ರಾಯ್ಡ್‌ನಲ್ಲಿ ಇರುವ ಕ್ವಿಕ್ ಶೇರ್‌ನಲ್ಲಿ ಕಳಿಸಿದೆವು, ಐದು ನಿಮಿಷ ಚಿಲ್ಲರೆಯಲ್ಲಿ ಪೂರ್ತಿ ಬಂತು. ಆಮೇಲೆ ಅಷ್ಟೇ ದೊಡ್ಡದಾದ ಇನ್ನೊಂದು ವಿಡಿಯೊ ಕಳಿಸುವ ಮೊದಲು ನಾನು ಭಾವನ ಫೋನನ್ನು ಮನೆಯ ವೈ-ಫೈನಿಂದ ಬಿಡಿಸಿದೆ. ವೈ-ಫೈ ಆಫ್ ಮಾಡಲಿಲ್ಲ, ಮನೆಯ ರೂಟರ್‌ನ ಸಂಪರ್ಕ ಮಾತ್ರ ತಪ್ಪಿಸಿದೆ. ಈ ಸಲ ಒಂದು ನಿಮಿಷವೂ ಹಿಡಿಯಲಿಲ್ಲ.

ಅದೇ ಎರಡು ಫೋನು, ಅದೇ ಜಗುಲಿ, ಅಷ್ಟೇ ದೊಡ್ಡ ಫೈಲ್. ಒಂದು ಸಲ ಎರಡು ಗಂಟೆಯ ದಾರಿ, ಒಂದು ಸಲ ಐದು ನಿಮಿಷ, ಒಂದು ಸಲ ಒಂದು ನಿಮಿಷದೊಳಗೆ. ಭಾವ ಕೇಳಿದರು, "ಹಾಗಾದರೆ ಗಾಳಿಯಲ್ಲಿ ಹೋಗುವುದು ಒಂದೇ ಅಲ್ವಾ, ಇಷ್ಟು ಫರಕು ಯಾಕೆ?" ಅವರಿಗೆ ಆವತ್ತು ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಫೋನು ರೂಟರ್ ಆಗುತ್ತದೆ

ಮನೆಯ ವೈ-ಫೈ ನಮಗೆಲ್ಲ ಗೊತ್ತು. ಮಧ್ಯದಲ್ಲಿ ಒಂದು ರೂಟರ್, ಸುತ್ತ ಫೋನು, ಟಿವಿ, ಲ್ಯಾಪ್‌ಟಾಪ್. ಎಲ್ಲರೂ ರೂಟರ್ ಜೊತೆಗೇ ಮಾತಾಡುವುದು, ಒಬ್ಬರಿಗೊಬ್ಬರು ನೇರವಾಗಿ ಅಲ್ಲ. ನನ್ನ ಫೋನಿನಿಂದ ಪಕ್ಕದಲ್ಲೇ ಇರುವ ನಿಮ್ಮ ಫೋನಿಗೆ ಮನೆಯ ವೈ-ಫೈ ಮೂಲಕ ಏನಾದರೂ ಕಳಿಸಿದರೆ ಅದು ಮೊದಲು ಒಳಗಿನ ಕೋಣೆಯ ರೂಟರ್‌ಗೆ ಹೋಗಿ, ಅಲ್ಲಿಂದ ಮತ್ತೆ ಗಾಳಿಯಲ್ಲೇ ನಿಮ್ಮ ಫೋನಿಗೆ ವಾಪಸ್ ಬರಬೇಕು. ಒಂದೇ ಸಾಮಾನು ಎರಡು ಸಲ ದಾರಿ ಸವೆಸುತ್ತದೆ.

ಆವತ್ತು ಕ್ವಿಕ್ ಶೇರ್ ಒಳಗೊಳಗೇ ಬಳಸಿದ್ದು ವೈ-ಫೈ ಡೈರೆಕ್ಟ್. ಅದು ಮಾಡುವುದು ಇಷ್ಟೇ: ಎರಡು ಫೋನುಗಳಲ್ಲಿ ಒಂದು ಸ್ವಲ್ಪ ಹೊತ್ತಿಗೆ ತಾನೇ ರೂಟರ್ ಆಗುತ್ತದೆ. ಇನ್ನೊಂದು ಅದಕ್ಕೆ ಮಾಮೂಲಿ ವೈ-ಫೈಗೆ ಸೇರುವ ಹಾಗೆ ಸೇರುತ್ತದೆ. ಹೆಸರಿನಲ್ಲಿ ಡೈರೆಕ್ಟ್ ಅಂತ ಇರುವುದರಿಂದ ಏನೋ ಬೇರೆ ಜಾತಿಯ ರೇಡಿಯೊ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ರೇಡಿಯೊ ಅದೇ, ಚಿಪ್ ಅದೇ, ವೇಗವೂ ಅದೇ. ಯಾರು ರೂಟರ್ ಆಗಬೇಕು ಅಂತ ಎರಡು ಫೋನು ತಾವೇ ಮಾತಾಡಿಕೊಂಡು ತೀರ್ಮಾನ ಮಾಡುವ ಕ್ರಮ ಮಾತ್ರ ಹೊಸದು. ವೈ-ಫೈ ಅಲಯನ್ಸ್ ಸಂಸ್ಥೆ ಈ ಕ್ರಮಕ್ಕೆ ಪ್ರಮಾಣಪತ್ರ ಕೊಡಲು ಶುರು ಮಾಡಿದ್ದು 2010ರಲ್ಲಿ. ಮರುವರ್ಷ ಬಂದ ಆಂಡ್ರಾಯ್ಡ್ 4.0ನಲ್ಲಿ ಆಪ್ ಬರೆಯುವವರಿಗೂ ಇದು ಕೈಗೆ ಸಿಕ್ಕಿತು.

ಒಂದು ಕಾಲದಲ್ಲಿ ಸಿನಿಮಾ ಹಂಚಿಕೊಳ್ಳುವುದಕ್ಕೆ "ಶೇರ್‌ಇಟ್ ಮಾಡು" ಅನ್ನುತ್ತಿದ್ದೆವು, ನೆನಪಿದೆಯಾ? 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಶೇರ್‌ಇಟ್ ಮತ್ತು ಕ್ಸೆಂಡರ್ ಎರಡೂ ಇದ್ದವು. ಅವುಗಳ ಬೆನ್ನಿಗಿದ್ದ ಉಪಾಯವೂ ಇದೇ, ಒಂದು ಫೋನು ಹಾಟ್‌ಸ್ಪಾಟ್ ಆಗುವುದು, ಇನ್ನೊಂದು ಅದಕ್ಕೆ ಸೇರುವುದು. ಇಂಟರ್ನೆಟ್ ಬೇಕಿಲ್ಲ, ಡೇಟಾ ಖರ್ಚಿಲ್ಲ. ಐಫೋನ್ ಮಾತ್ರ ಬೇರೆ ದಾರಿ ಹಿಡಿದಿದೆ. ಏರ್‌ಡ್ರಾಪ್ ಕೂಡ ವೈ-ಫೈ ರೇಡಿಯೊದಲ್ಲೇ ನೇರ ಕಳಿಸುತ್ತದೆ, ಆದರೆ ಆಪಲ್ ಅದಕ್ಕೆ ತನ್ನದೇ ಕ್ರಮ ಮಾಡಿಕೊಂಡಿದೆ, ವೈ-ಫೈ ಡೈರೆಕ್ಟ್ ಅಲ್ಲ.

ಒಬ್ಬರನ್ನೊಬ್ಬರು ಹುಡುಕುವುದು

ಕಳಿಸು ಅಂತ ಒತ್ತಿದ ಮೇಲೆ ಮೊದಲ ಕೆಲಸ, ಎದುರಿನ ಫೋನನ್ನು ಹುಡುಕುವುದು. ಇದು ಕೇಳಿದಷ್ಟು ಸುಲಭ ಅಲ್ಲ. ವೈ-ಫೈಯಲ್ಲಿ ಹತ್ತಾರು ಚಾನೆಲ್ ಇವೆ. ನಾನು ಒಂದು ಚಾನೆಲ್‌ನಲ್ಲಿ ಕೂಗುತ್ತಿದ್ದು ನೀವು ಇನ್ನೊಂದರಲ್ಲಿ ಕಿವಿ ಕೊಟ್ಟು ಕೂತರೆ ನಾವಿಬ್ಬರೂ ಎಂದೂ ಸೇರುವುದಿಲ್ಲ. ಅದಕ್ಕೆ ವೈ-ಫೈ ಡೈರೆಕ್ಟ್ 2.4 ಗಿಗಾಹರ್ಟ್ಜ್ ಅನ್ನುವ ರೇಡಿಯೊ ಪಟ್ಟಿಯ 1, 6, 11 ಈ ಮೂರು ಚಾನೆಲ್‌ಗಳನ್ನು ಭೇಟಿಯ ಜಾಗ ಅಂತ ಗೊತ್ತು ಮಾಡಿಕೊಂಡಿದೆ. ಪ್ರತಿ ಫೋನು ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೇಳುತ್ತದೆ, ಆಮೇಲೆ ಮೂರರಲ್ಲೂ ಓಡಾಡಿ "ಯಾರಾದರೂ ಇದ್ದೀರಾ" ಅಂತ ಕೂಗುತ್ತದೆ, ಮತ್ತೆ ಕೇಳುತ್ತದೆ.

ಇಬ್ಬರೂ ಒಂದೇ ಹೊತ್ತಿಗೆ ಕೂಗಿ ಒಂದೇ ಹೊತ್ತಿಗೆ ಕೇಳುತ್ತಾ ಕೂತರೆ? ಆಗ ಯಾರಿಗೂ ಯಾರೂ ಸಿಗುವುದಿಲ್ಲ. ಅದಕ್ಕಾಗಿ ಕೇಳುವ ಸಮಯವನ್ನು ಪ್ರತಿ ಸಲವೂ ಲಾಟರಿ ಎತ್ತಿದ ಹಾಗೆ ಬದಲಿಸುತ್ತಾರೆ. ಸುಮಾರು 100, 200 ಅಥವಾ 300 ಮಿಲಿಸೆಕೆಂಡು. ತಾಳ ತಪ್ಪಿದರೆ ತಾನೇ ಒಬ್ಬರ ಕೂಗು ಇನ್ನೊಬ್ಬರ ಕಿವಿಗೆ ಬೀಳುವುದು! ಎದುರಿನ ಫೋನಿನ ಹೆಸರು ಒಮ್ಮೆ ತಕ್ಷಣ ಕಾಣಿಸಿ, ಇನ್ನೊಮ್ಮೆ ಐದಾರು ಸೆಕೆಂಡು ಕಾಯಿಸುವುದು ಇದರಿಂದಲೇ. ಫೋನು ಹಾಳಾಗಿಲ್ಲ, ಇಬ್ಬರ ಸರದಿ ಇನ್ನೂ ಕೂಡಿಬಂದಿಲ್ಲ ಅಷ್ಟೇ.

ಕ್ವಿಕ್ ಶೇರ್‌ನಂಥ ಆಪ್‌ಗಳು ಈ ಹುಡುಕಾಟವನ್ನು ಬ್ಲೂಟೂತ್‌ಗೆ ವಹಿಸುತ್ತವೆ. ಕಡಿಮೆ ಬ್ಯಾಟರಿಯಲ್ಲಿ "ನಾನು ಇಲ್ಲಿದ್ದೇನೆ" ಅಂತ ಸಾರುತ್ತಾ ಇರುವುದಕ್ಕೆ ಬ್ಲೂಟೂತ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಪರಿಚಯ ಬ್ಲೂಟೂತ್‌ನಲ್ಲಿ ಆಗುತ್ತದೆ, ಭಾರ ಹೊರುವ ಕೆಲಸ ವೈ-ಫೈಗೆ ಬರುತ್ತದೆ. ವೈ-ಫೈನಲ್ಲಿ ಕಳಿಸುವ ಆಪ್ ಬ್ಲೂಟೂತ್ ಕೂಡ ಆನ್ ಮಾಡಿ ಅಂತ ಕೇಳುವುದಕ್ಕೆ ಕಾರಣ ಇದೇ. ಶುರುವಿನಲ್ಲಿ ಒಂದಷ್ಟು ಹೊತ್ತು ಆಮೆಯ ಹಾಗೆ ಹೋಗಿ, ಇದ್ದಕ್ಕಿದ್ದಂತೆ ಓಡಲು ಶುರು ಮಾಡುವುದನ್ನು ನೀವು ನೋಡಿರಬಹುದು. ಅದು ಬ್ಲೂಟೂತ್‌ನಿಂದ ವೈ-ಫೈಗೆ ದಾಟಿದ ಕ್ಷಣ.

ಯಾರು ಯಜಮಾನ?

ಈಗ ಎರಡು ಫೋನು ಸಿಕ್ಕವು. ರೂಟರ್ ಆಗುವವರು ಯಾರು? ವೈ-ಫೈ ಡೈರೆಕ್ಟ್ ಭಾಷೆಯಲ್ಲಿ ಆ ಫೋನಿಗೆ ಗ್ರೂಪ್ ಓನರ್ ಅನ್ನುತ್ತಾರೆ. ಪ್ರತಿ ಫೋನು 0ಯಿಂದ 15ರ ತನಕ ಒಂದು ಅಂಕಿ ಹೇಳುತ್ತದೆ. ಯಜಮಾನಿಕೆ ಮಾಡಲು ನನಗೆಷ್ಟು ಮನಸ್ಸಿದೆ ಅನ್ನುವ ಅಂಕಿ ಅದು. ಜಾಸ್ತಿ ಹೇಳಿದವರು ಯಜಮಾನ. ಇಬ್ಬರದೂ ಒಂದೇ ಆದರೆ ನಾಣ್ಯ ಚಿಮ್ಮಿದ ಹಾಗೆ ಒಂದು ಬಿಟ್ ನೋಡಿ ನಿರ್ಧಾರ. 15 ಅಂದರೆ "ನಾನೇ ಆಗಬೇಕು, ಬೇರೆ ಮಾತಿಲ್ಲ" ಅಂತ ಅರ್ಥ. ಇಬ್ಬರೂ 15 ಹೇಳಿದರೆ ಮಾತುಕತೆ ಅಲ್ಲೇ ಮುರಿದುಬೀಳುತ್ತದೆ. ಒಬ್ಬರು ಕೇಳುವುದು, ಇನ್ನೊಬ್ಬರು ಉತ್ತರ ಕೊಡುವುದು, ಮೊದಲಿನವರು ಸರಿ ಅನ್ನುವುದು. ಈ ಮೂರು ಸಂದೇಶಗಳಲ್ಲಿ ಪಂಚಾಯಿತಿ ಮುಗಿಯುತ್ತದೆ. ಯಾವ ಚಾನೆಲ್‌ನಲ್ಲಿ ಕೆಲಸ ಮಾಡೋಣ ಅನ್ನುವುದೂ ಇದೇ ಮಾತುಕತೆಯಲ್ಲಿ ತೀರ್ಮಾನ ಆಗುತ್ತದೆ. ಈ ಚಾನೆಲ್ ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಭಾವನ ಐದು ನಿಮಿಷಕ್ಕೂ ಒಂದು ನಿಮಿಷಕ್ಕೂ ಇರುವ ಗುಟ್ಟು ಅಲ್ಲೇ ಇದೆ.

ಫೈಲ್ ಕಳಿಸುವವರೇ ಯಜಮಾನ ಆಗಬೇಕು ಅಂತೇನೂ ಇಲ್ಲ. ತೆಗೆದುಕೊಳ್ಳುವ ಫೋನೂ ಆಗಬಹುದು.

ಯಜಮಾನ ಫೋನು ಈಗ ಒಂದು ಪುಟ್ಟ ವೈ-ಫೈ ಎಬ್ಬಿಸುತ್ತದೆ. ಅದರ ಹೆಸರು ಯಾವಾಗಲೂ `DIRECT-` ಅಂತ ಶುರುವಾಗುತ್ತದೆ, ಮುಂದೆ ಒಂದೆರಡು ಅಕ್ಷರ. ಪಾಸ್‌ವರ್ಡ್ ಕೂಡ ಫೋನೇ ಹುಟ್ಟಿಸುತ್ತದೆ, ಎದುರಿನ ಫೋನಿಗೆ ದಾಟಿಸುತ್ತದೆ, ನಾವು ಟೈಪ್ ಮಾಡಬೇಕಾಗಿಲ್ಲ. ನಾವು ಮಾಡುವುದು ಪರದೆಯಲ್ಲಿ ಬಂದ ಹೆಸರು ನೋಡಿ ಒಪ್ಪಿಗೆ ಒತ್ತುವುದಷ್ಟೇ. ಬಸ್‌ಸ್ಟ್ಯಾಂಡಿನಂಥ ಕಡೆ ಆ ಹೆಸರನ್ನು ನಿಜವಾಗಿ ಓದಿ ಒತ್ತಿ. ಆಮೇಲೆ ಎರಡರ ನಡುವೆ ಹೋಗುವುದೆಲ್ಲ ಡಬ್ಲ್ಯುಪಿಎ2 ಬೀಗದ ಒಳಗೆ ಹೋಗುತ್ತದೆ, ಮನೆಯ ವೈ-ಫೈಗೆ ಇರುವಂಥದ್ದೇ ಬೀಗ.

ಕೊನೆಗೆ ಯಜಮಾನ ಫೋನು ಇನ್ನೊಂದಕ್ಕೆ ಐಪಿ ವಿಳಾಸ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ ಯಜಮಾನನ ವಿಳಾಸ ಸಾಮಾನ್ಯವಾಗಿ `192.168.49.1`. ಇಷ್ಟಾದ ಮೇಲೆ ಫೈಲ್ ಹೋಗುವುದು ಇಂಟರ್ನೆಟ್‌ನಲ್ಲಿ ಹೋಗುವ ಕ್ರಮದಲ್ಲೇ, ಇಂಟರ್ನೆಟ್ ಮಾತ್ರ ಇಲ್ಲ. ನಾವು ಎರಡನೇ ವಿಡಿಯೊ ಕಳಿಸುತ್ತಿದ್ದಾಗ ಅಕ್ಕನ ಫೋನಿನಲ್ಲಿ ವೈ-ಫೈ ಪಟ್ಟಿ ತೆರೆದು ನೋಡಿದೆವು. `DIRECT-` ಹೆಸರೊಂದು ಅಲ್ಲಿ ಬಂದು ಕೂತಿತ್ತು. ಭಾವ ಅದನ್ನು ನೋಡಿದ ಮೇಲೇ ಪೂರ್ತಿ ನಂಬಿದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೆಟ್ಟಿಂಗ್ಸ್ ಒಳಗೆ ವೈ-ಫೈ ಡೈರೆಕ್ಟ್ ಅಂತ ಒಂದು ಪುಟ ಇರುತ್ತದೆ. ಅಲ್ಲಿ ಎರಡು ಫೋನು ಜೋಡಿಸಿ, ಆಮೇಲೆ ಫೈಲ್ ಕಳಿಸುವುದು ಎಲ್ಲಿ ಅಂತ ಹುಡುಕಿ ಸುಸ್ತಾದವರು ಬಹಳ ಜನ. ಆ ಪುಟ ಜೋಡಿಸುತ್ತದೆ ಅಷ್ಟೇ, ರಸ್ತೆ ಹಾಕಿಕೊಡುತ್ತದೆ. ಅದರ ಮೇಲೆ ಲೋಡು ಕಳಿಸಲು ಒಂದು ಆಪ್ ಬೇಕೇ ಬೇಕು.

ಬ್ಲೂಟೂತ್ ಯಾಕೆ ಅಷ್ಟು ನಿಧಾನ

ಬ್ಲೂಟೂತ್ ಕೆಟ್ಟದ್ದಲ್ಲ. ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಕಿವಿಯ ಇಯರ್‌ಬಡ್, ಕೈಗಡಿಯಾರ, ಕೀಬೋರ್ಡ್ ಇಂಥವು ಪುಟ್ಟ ಬ್ಯಾಟರಿಯಲ್ಲಿ ದಿನವಿಡೀ ನಡೆಯಬೇಕು, ಸುತ್ತ ಎಷ್ಟು ಗಲಾಟೆ ಇದ್ದರೂ ಸಂಪರ್ಕ ಕಡಿಯಬಾರದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಅದಕ್ಕಾಗಿ ಅದು ಹಿಡಿದ ದಾರಿ ನೋಡಿ. 2.4 ಗಿಗಾಹರ್ಟ್ಜ್ ಪಟ್ಟಿಯನ್ನು ಬ್ಲೂಟೂತ್ 79 ತೆಳ್ಳಗಿನ ಗೆರೆಗಳಾಗಿ ಸೀಳಿಕೊಂಡಿದೆ. ಒಂದೊಂದರ ಅಗಲ 1 ಮೆಗಾಹರ್ಟ್ಜ್. ಒಂದು ಹೊತ್ತಿಗೆ ಒಂದೇ ಗೆರೆಯಲ್ಲಿ ಮಾತು, ಮರುಕ್ಷಣ ಇನ್ನೊಂದಕ್ಕೆ ಜಿಗಿತ. ಸೆಕೆಂಡಿಗೆ 1600 ಸಲದವರೆಗೂ ಹೀಗೆ ಜಿಗಿಯಬಲ್ಲದು. ಒಂದು ಗೆರೆಯಲ್ಲಿ ಗದ್ದಲ ಇದ್ದರೆ ಮುಂದಿನದರಲ್ಲಿ ಇರಲಿಕ್ಕಿಲ್ಲ ಅನ್ನುವ ನಂಬಿಕೆ. ಗಟ್ಟಿಮುಟ್ಟು ಹೌದು, ಆದರೆ ಕಾಲುದಾರಿ. ಗದ್ದೆಯ ಬದುವಿನ ಮೇಲೆ ಒಬ್ಬ ಮನುಷ್ಯ ಒಂದು ಬುಟ್ಟಿ ಹೊತ್ತು ನಡೆದ ಹಾಗೆ.

ಬುಟ್ಟಿ ಎಷ್ಟು ದೊಡ್ಡದು? ಬ್ಲೂಟೂತ್ ಸಮಯವನ್ನು 625 ಮೈಕ್ರೊಸೆಕೆಂಡಿನ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ. ಫೋನುಗಳ ನಡುವೆ ಫೈಲ್ ಕಳಿಸುವಾಗ ಅದರ ಅತಿ ದೊಡ್ಡ ಬುಟ್ಟಿ ಇಂಥ ಐದು ತುಂಡು ಸಮಯ ತೆಗೆದುಕೊಳ್ಳುತ್ತದೆ, ಅದರಲ್ಲಿ ಹಿಡಿಸುವುದು 1021 ಬೈಟ್. ಬುಟ್ಟಿ ತಲುಪಿದ ಮೇಲೆ ಆರನೇ ತುಂಡಿನಲ್ಲಿ ಆ ಕಡೆಯಿಂದ "ಬಂತು" ಅಂತ ಉತ್ತರ ಬರಬೇಕು. ಆಮೇಲೆ ಮುಂದಿನ ಬುಟ್ಟಿ. ಆರು ತುಂಡು ಸೇರಿ 3.75 ಮಿಲಿಸೆಕೆಂಡು.

ಈಗ ಭಾವನ ವಿಡಿಯೊಗೆ ಲೆಕ್ಕ ಹಾಕೋಣ. ಒಂದೂವರೆ ಜಿಬಿ ಅಂದರೆ 150 ಕೋಟಿ ಬೈಟ್. ಬುಟ್ಟಿಗೆ 1021ರಂತೆ ತುಂಬಿದರೆ ಸುಮಾರು 14 ಲಕ್ಷ 70 ಸಾವಿರ ಬುಟ್ಟಿ. ಒಂದೊಂದಕ್ಕೂ 3.75 ಮಿಲಿಸೆಕೆಂಡು. ಗುಣಿಸಿದರೆ 5500 ಸೆಕೆಂಡು, ಅಂದರೆ 92 ನಿಮಿಷ. ಒಂದು ಬುಟ್ಟಿಯೂ ದಾರಿಯಲ್ಲಿ ಕೆಡದೆ, ಒಂದನ್ನೂ ಮತ್ತೆ ಕಳಿಸದೆ, ಫೋನು ಬೇರೆ ಏನೂ ಮಾಡದೆ ಇದ್ದಾಗ ಇಷ್ಟು. ನಿಜದಲ್ಲಿ ಕೆಲವು ಬುಟ್ಟಿ ಕೆಡುತ್ತವೆ, ಮೇಲಿನ ಪದರಗಳ ವಿಳಾಸ ಚೀಟಿಗಳಿಗೂ ಒಳಗೆ ಜಾಗ ಬೇಕು. ಹಾಗಾಗಿ ಎರಡು ಗಂಟೆ ದಾಟುವುದು ಸಹಜ. ಹತ್ತು ನಿಮಿಷಕ್ಕೆ ನೂರಕ್ಕೆ ಏಳು ಅಂದರೆ ಆವತ್ತು ನಮ್ಮದು ಎರಡು ಗಂಟೆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ ಹೋಗುತ್ತಿತ್ತು.

"ನನ್ನದು ಹೊಸ ಫೋನು, ಬ್ಲೂಟೂತ್ 5 ಇದೆ" ಅನ್ನುತ್ತೀರಾ? ಫೈಲ್ ಕಳಿಸುವ ವಿಷಯದಲ್ಲಿ ಅದರಿಂದ ಏನೂ ಲಾಭ ಇಲ್ಲ. 5ನೇ ಆವೃತ್ತಿ ತಂದ ಹೊಸ ವೇಗ ಕಡಿಮೆ ಬ್ಯಾಟರಿಯ ಬ್ಲೂಟೂತ್‌ಗೆ, ವಾಚು ಬಡ್‌ಗಳ ಕಡೆಯದ್ದು. ಅದರ ಮೇಲ್ಮಿತಿ ಗಾಳಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್. ಹಳೆಯ ಬ್ಲೂಟೂತ್‌ನ 3 ಮೆಗಾಬಿಟ್‌ಗಿಂತ ಅದೂ ಕಡಿಮೆಯೇ.

ಇದಕ್ಕಿಂತ ದೊಡ್ಡ ಸಾಕ್ಷಿ ಒಂದು ಇದೆ. 2009ರಲ್ಲಿ ಬ್ಲೂಟೂತ್ 3.0 ಬಂದಾಗ ಅದರ ಜೊತೆ ಹೈ ಸ್ಪೀಡ್ ಅನ್ನುವ ಭಾಗ ಸೇರಿಸಿದರು. ಆ ಹೈ ಸ್ಪೀಡ್ ಹೇಗೆ ಬರುತ್ತಿತ್ತು ಗೊತ್ತಾ? ಪರಿಚಯ ಬ್ಲೂಟೂತ್‌ನಲ್ಲಿ ಮಾಡಿಕೊಂಡು, ದೊಡ್ಡ ಫೈಲನ್ನು ವೈ-ಫೈ ರೇಡಿಯೊಗೆ ದಾಟಿಸಿ ಕಳಿಸುವುದು. ಬ್ಲೂಟೂತ್ ಮಾಡಿದವರೇ ಭಾರ ಹೊರಲು ವೈ-ಫೈಯನ್ನು ಕರೆದಿದ್ದರು. ಅದು ಹೆಚ್ಚು ಬಳಕೆಗೆ ಬರಲಿಲ್ಲ, 2021ರ 5.3 ಆವೃತ್ತಿಯಲ್ಲಿ ತೆಗೆದೇ ಹಾಕಿದರು. ಆದರೆ ಇವತ್ತಿನ ಕ್ವಿಕ್ ಶೇರ್ ಮಾಡುವುದು ಹೆಚ್ಚು ಕಡಿಮೆ ಅದನ್ನೇ.

ವೈ-ಫೈಯ ರಸ್ತೆ

ಅದೇ 3.75 ಮಿಲಿಸೆಕೆಂಡಿನಲ್ಲಿ ವೈ-ಫೈ ಏನು ಮಾಡುತ್ತದೆ ನೋಡೋಣ. ವೈ-ಫೈ ಬಳಸುವ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಜ್‌ನಲ್ಲಿ ಈಗಿನ ಸಾಧಾರಣ ಫೋನು ಕೂಡ 80 ಮೆಗಾಹರ್ಟ್ಜ್ ಅಗಲದ ಚಾನೆಲ್ ಹಿಡಿಯಬಲ್ಲದು. ಬ್ಲೂಟೂತ್‌ನ ಗೆರೆಗಿಂತ 80 ಪಟ್ಟು ಅಗಲ. ಆ ಅಗಲದಲ್ಲಿ 234 ಸಣ್ಣ ಸಾಲುಗಳು ಒಟ್ಟಿಗೇ ಡೇಟಾ ಹೊರುತ್ತವೆ, ಒಂದಾದ ಮೇಲೆ ಒಂದಲ್ಲ, ಎಲ್ಲವೂ ಒಂದೇ ಹೊತ್ತಿಗೆ. ಫೋನುಗಳು ಹತ್ತಿರ ಇದ್ದು ಸಿಗ್ನಲ್ ಸ್ವಚ್ಛವಾಗಿದ್ದರೆ ಒಂದೊಂದು ಸಾಲೂ ಒಂದು ಸಲಕ್ಕೆ 8 ಬಿಟ್ ಹೊರುತ್ತದೆ. ಬ್ಲೂಟೂತ್ ಹೆಚ್ಚೆಂದರೆ 3 ಬಿಟ್.

234ನ್ನು 8ರಿಂದ ಗುಣಿಸಿ, 1872. ಇದರಲ್ಲಿ ಆರನೇ ಒಂದು ಭಾಗ ತಪ್ಪು ತಿದ್ದುವುದಕ್ಕೆ ಮೀಸಲು, ಉಳಿದದ್ದು 1560 ಬಿಟ್. ಇಷ್ಟು ಹೋಗಲು 3.6 ಮೈಕ್ರೊಸೆಕೆಂಡು. ಭಾಗಿಸಿ ನೋಡಿ, ಸೆಕೆಂಡಿಗೆ 433 ಮೆಗಾಬಿಟ್. ಫೋನಿನ ವೈ-ಫೈ ವಿವರದಲ್ಲಿ ಲಿಂಕ್ ಸ್ಪೀಡ್ 433 ಅಂತ ಎಷ್ಟೋ ಸಲ ಕಾಣಿಸುತ್ತದಲ್ವಾ, ಆ ವಿಚಿತ್ರ ಅಂಕಿ ಹುಟ್ಟುವುದು ಹೀಗೆ. ಎರಡು ಆಂಟೆನಾ ಇರುವ ಫೋನುಗಳಲ್ಲಿ ಅದು 866 ಆಗುತ್ತದೆ.

ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಈ ವೇಗದಲ್ಲಿ 3.75 ಮಿಲಿಸೆಕೆಂಡಿಗೆ ಹೋಗುವುದು ಸುಮಾರು ಎರಡು ಲಕ್ಷ ಬೈಟ್. ಬ್ಲೂಟೂತ್‌ನ ಬುಟ್ಟಿಯಲ್ಲಿ ಅಷ್ಟೇ ಹೊತ್ತಿಗೆ 1021.

ರಸ್ತೆ ಅಗಲ ಇದ್ದರೆ ಸಾಲದು, "ಬಂತು" ಅನ್ನುವ ಉತ್ತರಕ್ಕೆ ಎಷ್ಟು ಸಲ ನಿಲ್ಲಬೇಕು ಅನ್ನುವುದೂ ಮುಖ್ಯ. ವೈ-ಫೈನಲ್ಲಿ ಮಾತಾಡುವ ಮೊದಲು ಗಾಳಿ ಖಾಲಿ ಇದೆಯೇ ಅಂತ ಕೇಳಬೇಕು, ಸ್ವಲ್ಪ ಕಾಯಬೇಕು, ಕಳಿಸಿದ ಮೇಲೆ ಉತ್ತರಕ್ಕೂ ಕಾಯಬೇಕು. ಪ್ರತಿ ಸಣ್ಣ ಕಟ್ಟಿಗೂ ಹೀಗೆ ಮಾಡಿದರೆ 433 ಇದ್ದೂ ಪ್ರಯೋಜನ ಇಲ್ಲ, ಸಮಯವೆಲ್ಲ ಕಾಯುವುದರಲ್ಲೇ ಹೋಗುತ್ತದೆ. ಅದಕ್ಕೆ 2009ರಲ್ಲಿ ಬಂದ 802.11ಎನ್ ಆವೃತ್ತಿಯ ಕಾಲದಿಂದ ವೈ-ಫೈ ಒಂದು ಕ್ರಮ ಹಿಡಿದಿದೆ. ಅರವತ್ತನಾಲ್ಕು ಕಟ್ಟುಗಳವರೆಗೂ ಒಟ್ಟಿಗೆ ಪೇರಿಸಿ ಒಂದೇ ಲೋಡಿನಲ್ಲಿ ಕಳಿಸುವುದು. ಆ ಕಡೆಯವರು ಎಲ್ಲ ಎಣಿಸಿ ಒಂದೇ ಚೀಟಿ ಬರೆದು ಕೊಡುತ್ತಾರೆ: ಇವೆಲ್ಲ ಬಂದವು, ಹದಿನೇಳನೆಯದು ಮತ್ತು ನಲವತ್ತನೆಯದು ಕೆಟ್ಟಿವೆ. ಆ ಎರಡನ್ನು ಮಾತ್ರ ಮತ್ತೆ ಕಳಿಸಿದರಾಯಿತು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದೇ. ಅಗಲವಾದ ರಸ್ತೆಯನ್ನು ನಿಜವಾಗಿ ಉಪಯೋಗಕ್ಕೆ ತಂದದ್ದು ಈ ಚೀಟಿ.

ಇಷ್ಟೆಲ್ಲ ಮಾಡಿಯೂ 433 ಪೂರ್ತಿ ಕೈಗೆ ಸಿಗುವುದಿಲ್ಲ. ಕಾಯುವುದು, ಉತ್ತರ, ವಿಳಾಸ ಚೀಟಿ ಎಲ್ಲ ಕಳೆದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಯುತ್ತದೆ. 240 ಮೆಗಾಬಿಟ್ ಅಂತ ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 30 ಎಂಬಿ. ಒಂದೂವರೆ ಜಿಬಿಗೆ 50 ಸೆಕೆಂಡು. ನಮ್ಮ ಎರಡನೇ ವಿಡಿಯೊ ಒಂದು ನಿಮಿಷದೊಳಗೆ ಬಂದ ಲೆಕ್ಕ ಸರಿಹೋಯಿತಲ್ವಾ?

ವೈ-ಫೈ ಬ್ಯಾಟರಿ ತಿನ್ನುತ್ತದೆ ಅಂತ ಕೆಲವರು ದೊಡ್ಡ ಫೈಲನ್ನೂ ಬ್ಲೂಟೂತ್‌ನಲ್ಲಿ ಕಳಿಸುತ್ತಾರೆ. ಒಂದು ಸೆಕೆಂಡಿನ ಲೆಕ್ಕದಲ್ಲಿ ವೈ-ಫೈ ಜಾಸ್ತಿ ತಿನ್ನುವುದು ನಿಜ. ಆದರೆ 50 ಸೆಕೆಂಡಿಗೆ ಕೆಲಸ ಮುಗಿಸಿ ಮಲಗುತ್ತದೆ. ಬ್ಲೂಟೂತ್ ಎರಡು ಗಂಟೆ ಫೋನನ್ನು ಎಚ್ಚರ ಇಡುತ್ತದೆ. ದೊಡ್ಡ ಫೈಲಿಗೆ ಒಟ್ಟು ಖರ್ಚು ವೈ-ಫೈನಲ್ಲೇ ಕಡಿಮೆ.

ಐದು ನಿಮಿಷ ಯಾಕಾಯಿತು

ಈಗ ಮೊದಲ ವಿಡಿಯೊಗೆ ಬರೋಣ. ಅದೂ ವೈ-ಫೈ ಡೈರೆಕ್ಟ್‌ನಲ್ಲೇ ಹೋಗಿತ್ತು. ಹಾಗಿದ್ದರೂ ಐದು ಪಟ್ಟಿಗಿಂತ ಜಾಸ್ತಿ ಸಮಯ.

ಆಗ ಭಾವನ ಫೋನು ಮನೆಯ ರೂಟರ್‌ಗೆ ಸೇರಿಕೊಂಡೇ ಇತ್ತು. ಅದು ಹಳೆಯ ರೂಟರ್, 2.4 ಗಿಗಾಹರ್ಟ್ಜ್ ಮಾತ್ರ. ಎಷ್ಟೋ ಫೋನುಗಳ ವೈ-ಫೈ ರೇಡಿಯೊ ಒಂದು ಹೊತ್ತಿಗೆ ಒಂದೇ ಚಾನೆಲ್‌ನಲ್ಲಿ ಇರಬಲ್ಲದು. ಮನೆಯ ವೈ-ಫೈ ಒಂದು ಚಾನೆಲ್, ನೇರ ಸಂಪರ್ಕ ಇನ್ನೊಂದು ಚಾನೆಲ್ ಆದರೆ ಅದು ಗಡಿಯಾರದ ಲೋಲಕದ ಹಾಗೆ ಆ ಕಡೆ ಸ್ವಲ್ಪ ಹೊತ್ತು, ಈ ಕಡೆ ಸ್ವಲ್ಪ ಹೊತ್ತು ಓಡಾಡಬೇಕು. ಆ ಒದ್ದಾಟ ಬೇಡ ಅಂತ ಫೋನು ಎರಡನ್ನೂ ಒಂದೇ ಚಾನೆಲ್‌ಗೆ ತರುತ್ತದೆ. ಯಾವ ಚಾನೆಲ್‌ಗೆ? ರೂಟರ್ ಇರುವ ಚಾನೆಲ್‌ಗೆ. ರೂಟರ್ ನಮ್ಮ ಮಾತು ಕೇಳಿ ಜಾಗ ಬಿಡುವುದಿಲ್ಲವಲ್ಲ.

ಹೀಗೆ ನಮ್ಮ ಎರಡು ಫೋನಿಗೂ 5 ಗಿಗಾಹರ್ಟ್ಜ್ ಶಕ್ತಿ ಇದ್ದರೂ 2.4ಕ್ಕೆ ಕಟ್ಟಿಬಿದ್ದವು. ಅಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಜ್, ಒಂದು ಆಂಟೆನಾದ ವೇಗ 72 ಮೆಗಾಬಿಟ್, ಕೈಗೆ ಸಿಗುವುದು ಸುಮಾರು 40. ಅಂದರೆ ಸೆಕೆಂಡಿಗೆ 5 ಎಂಬಿ, ಒಂದೂವರೆ ಜಿಬಿಗೆ 300 ಸೆಕೆಂಡು, ಐದು ನಿಮಿಷ. ಜೊತೆಗೆ ಅದೇ ಚಾನೆಲ್‌ನಲ್ಲಿ ಮನೆಯ ಟಿವಿಯೂ ಏನೋ ಓಡಿಸುತ್ತಿತ್ತು, ಚಿಲ್ಲರೆ ಸಮಯ ಅದಕ್ಕೆ ಹೋಯಿತು. ರೂಟರ್‌ನಿಂದ ಬಿಡಿಸಿದ ಕೂಡಲೇ ಫೋನುಗಳು ಯಾರ ಹಂಗೂ ಇಲ್ಲದೆ 5 ಗಿಗಾಹರ್ಟ್ಜ್‌ಗೆ ಹೋಗಿ ಕೂತವು.

ಕಿವಿಯಲ್ಲಿ ಬ್ಲೂಟೂತ್ ಬಡ್ ಹಾಕಿಕೊಂಡು ಹಾಡು ಕೇಳುತ್ತಾ ಕಳಿಸಿದರೂ 2.4ರಲ್ಲಿ ಪೆಟ್ಟು ಬೀಳುತ್ತದೆ. ಬ್ಲೂಟೂತ್ ಇರುವುದೂ ಅದೇ ಪಟ್ಟಿಯಲ್ಲಿ, ಎಷ್ಟೋ ಫೋನುಗಳಲ್ಲಿ ಎರಡಕ್ಕೂ ಒಂದೇ ಚಿಪ್ಪು, ಒಂದೇ ಆಂಟೆನಾ, ಸರದಿಯಲ್ಲಿ ಹಂಚಿಕೊಳ್ಳಬೇಕು. 5ರಲ್ಲಿ ಈ ತೊಂದರೆ ತೀರ ಕಡಿಮೆ. 5ಕ್ಕೆ ಇರುವ ಕೊರತೆ ದೂರದ್ದು. ಒಂದು ಗೋಡೆ ಅಡ್ಡ ಬಂದರೂ ಸಿಗ್ನಲ್ ಇಳಿಯುತ್ತದೆ, ಸಾಲಿಗೆ 8 ಬಿಟ್ ಹೊರುತ್ತಿದ್ದದ್ದು 6ಕ್ಕೆ, 4ಕ್ಕೆ ಇಳಿಯುತ್ತದೆ. ಕಳಿಸುವಾಗ ಫೋನನ್ನು ಹಿಡಿದುಕೊಂಡು ಅಡುಗೆಮನೆಗೆ ಹೋಗಬೇಡಿ, ಎರಡನ್ನೂ ಒಂದೇ ಮೇಜಿನ ಮೇಲೆ ಇಡಿ.

ನಿಮ್ಮ ಫೈಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ತಿಳಿಯಲು ಗಡಿಯಾರ ಸಾಕು. ಹತ್ತು ಸೆಕೆಂಡು ಎಣಿಸಿ, ಎಷ್ಟು ಎಂಬಿ ಹೋಯಿತು ನೋಡಿ. ಎರಡು ಎಂಬಿ ಆಸುಪಾಸು ಇದ್ದರೆ ಅದು ಇನ್ನೂ ಬ್ಲೂಟೂತ್‌ನಲ್ಲೇ ಇದೆ. ಆಗ ನಿಲ್ಲಿಸಿ, ಎರಡೂ ಫೋನಿನಲ್ಲಿ ವೈ-ಫೈ ಆನ್ ಇದೆಯೇ ಅಂತ ನೋಡಿ ಮತ್ತೆ ಕಳಿಸಿ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹಳೆಯದಾದರೆ ಲೊಕೇಶನ್ ಕೂಡ ಆನ್ ಇರಬೇಕಾಗುತ್ತದೆ, ಸುತ್ತಲಿನ ವೈ-ಫೈ ಹೆಸರುಗಳಿಂದ ನೀವಿರುವ ಜಾಗ ಊಹಿಸಬಹುದು ಅನ್ನುವ ಕಾರಣಕ್ಕೆ ಆ ಎರಡನ್ನೂ ಒಟ್ಟಿಗೆ ಕಟ್ಟಿದ್ದರು. ಹತ್ತು ಸೆಕೆಂಡಿಗೆ ಐವತ್ತು ಎಂಬಿ ಇದ್ದರೆ ಹೆಚ್ಚಾಗಿ 2.4 ಗಿಗಾಹರ್ಟ್ಜ್. ಮುನ್ನೂರು ದಾಟಿದರೆ 5.

ಮುನ್ನೂರರಲ್ಲಿ ಓಡುತ್ತಿದ್ದದ್ದು ಮಧ್ಯದಲ್ಲಿ ನೂರಕ್ಕೆ ಇಳಿದು ಅಲ್ಲೇ ನಿಂತರೆ ರೇಡಿಯೊವನ್ನು ಬೈಯಬೇಡಿ. ತೆಗೆದುಕೊಳ್ಳುವ ಫೋನು ಮೆಮೊರಿ ಕಾರ್ಡಿಗೆ ಬರೆಯುತ್ತಿದೆಯೇ ನೋಡಿ. ಹಳೆಯ ಕಾರ್ಡುಗಳು ಸೆಕೆಂಡಿಗೆ ಹತ್ತು ಎಂಬಿ ಬರೆಯುವುದೇ ಹೆಚ್ಚು, ಗಾಳಿಯಲ್ಲಿ ಬಂದದ್ದು ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಆ ಕಾರ್ಡ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಇನ್ನೂ ಒಂದು ತೊಡಕು, 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಹಿಡಿಸುವುದಿಲ್ಲ, ಎಷ್ಟು ಜಾಗ ಖಾಲಿ ಇದ್ದರೂ. ಭಾವ ಮುಂದಿನ ತಿಂಗಳು ಇಡೀ ಪ್ರಸಂಗವನ್ನು ಒಂದೇ ವಿಡಿಯೊದಲ್ಲಿ ತೆಗೆಯುತ್ತೇನೆ ಅಂದಿದ್ದಾರೆ. ಅದನ್ನು ಫೋನಿನ ಒಳಗಿನ ಮೆಮೊರಿಗೇ ತೆಗೆದುಕೊಳ್ಳಬೇಕು ಅಂತ ಈಗಲೇ ಜಾಗ ಖಾಲಿ ಮಾಡಿಟ್ಟಿದ್ದೇನೆ.